ನಮ್ಮ ಮನೆಗೆ ಎರಡು ಬಾವಿ

ಕಳೆದ ಬುಧವಾರ ಬೆಳಿಗ್ಗೆ ನಮ್ಮ ಮನೆಯ ಕಮೋಡು ಮಾತಾಡಿತು. ನಾನು ಫ್ಲಶ್ ಎಳೆದೆ. ಅದು ನೀರು ನುಂಗಲಿಲ್ಲ. ಗುಳು ಗುಳು ಎಂದು ಎರಡು ಸಲ ಗೊಣಗಿ, ಕೊಟ್ಟಿದ್ದನ್ನೆಲ್ಲ ಅಂಚಿನವರೆಗೆ ವಾಪಸ್ ತಂದು ತೋರಿಸಿತು. ಹೊರಗೆ ಕುಮಟಾದ ಮಳೆ ಮೂರನೇ ದಿನವೂ ಬಿಡದೆ ಹೊಯ್ಯುತ್ತಿತ್ತು. ಮನೆಯಲ್ಲಿ ನಾಲ್ಕು ಜನ, ಎಲ್ಲರಿಗೂ ಅವಸರ. ಆ ಹತ್ತು ನಿಮಿಷದಲ್ಲಿ ನನ್ನ ಹೆಂಡತಿ ನನ್ನನ್ನು ನೋಡಿದ ರೀತಿಗೆ ಇಡೀ ಗೃಹಪ್ರವೇಶದ ಪುಣ್ಯ ತೊಳೆದುಹೋಯಿತು.

ನಮ್ಮದು ಊರ ಹೊರಗಿನ ಎರಡು ಗುಂಟೆ ಜಾಗ. 33 ಅಡಿ ಅಗಲ, 66 ಅಡಿ ಉದ್ದ. ಒಳಚರಂಡಿ ಇಲ್ಲ. ಪೂರ್ವಕ್ಕೆ ಎತ್ತರ, ಪಶ್ಚಿಮಕ್ಕೆ ರಸ್ತೆ, ರಸ್ತೆಯಾಚೆ ಇನ್ನೂ ಇಳಿಜಾರಿನಲ್ಲಿ ಮಾಸ್ತರ ಮನೆ. ಬಾವಿ ಎಲ್ಲಿ ಅಂತ ಕೇಳಲೇಬೇಡಿ. ಈಶಾನ್ಯದಲ್ಲಿ. ನಮ್ಮದೂ ಈಶಾನ್ಯದಲ್ಲಿ, ಮಾಸ್ತರದ್ದೂ ಈಶಾನ್ಯದಲ್ಲಿ, ಮೇಲಿನ ಮನೆಯವರದ್ದೂ ಈಶಾನ್ಯದಲ್ಲಿ.

ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು ಎನ್ನುತ್ತದೆ ಐಎಸ್ 2470 ಎಂಬ ಭಾರತೀಯ ಮಾನಕ. ಅಂದರೆ ಹತ್ತಿರ ಹತ್ತಿರ 60 ಅಡಿ. ನಾನು ಟೇಪು ಹಿಡಿದು ಅಳೆದೆ. ನಮ್ಮ ಬಾವಿಯಿಂದ 60 ಅಡಿ ಸಿಗುವ ಜಾಗ ಇಡೀ ಸೈಟಿನಲ್ಲಿ ಒಂದೇ ಒಂದು, ನೈಋತ್ಯ ಮೂಲೆ, ಗೇಟಿನ ಪಕ್ಕ. 'ನೈಋತ್ಯದಲ್ಲಿ ಹೊಂಡ ತೋಡಿದರೆ ಯಜಮಾನನಿಗೆ ಒಳ್ಳೇದಲ್ಲ, ವಾಯವ್ಯಕ್ಕೆ ಹಾಕು' ಎಂದರು ಹೆಂಡತಿಯ ಸೋದರಮಾವ. ವಾಯವ್ಯದ ಎದುರಿಗೇ, ರಸ್ತೆಯಾಚೆ 30 ಅಡಿಗೆ ಮಾಸ್ತರ ಬಾವಿ. ನೈಋತ್ಯಕ್ಕೆ ಹಾಕಿದರೂ ಆ ಬಾವಿಗೆ 38 ಅಡಿ ಅಷ್ಟೇ. ನಮ್ಮ ಬಾವಿಯಿಂದ ದೂರ ಹೋದಷ್ಟೂ ಮಾಸ್ತರ ಬಾವಿಗೆ ಹತ್ತಿರ. ಅದೂ ಇಳಿಜಾರಿನ ಕಡೆಗೆ, ನೆಲದೊಳಗಿನ ನೀರು ಹರಿಯುವ ಕಡೆಗೆ. ಕೊನೆಗೆ ನೈಋತ್ಯಕ್ಕೇ ಹಾಕಿದೆವು. ಬುಧವಾರದ ಮೇಲೆ ಸೋದರಮಾವನ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ.

ಮಾಸ್ತರ ಬಗ್ಗೆ ಹೇಳಲೇಬೇಕು. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಆದರೆ ಹಾಜರಿ ತೆಗೆಯುವ ಚಟ ಬಿಟ್ಟಿಲ್ಲ. ನಮ್ಮ ಗುಂಡಿ ತೋಡಿದ ದಿನದಿಂದ ಅವರಿಗೆ ಒಂದು ವ್ರತ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಬಾವಿಕಟ್ಟೆಗೆ ಬರುತ್ತಾರೆ. ಕೊಡಪಾನ ಇಳಿಸುತ್ತಾರೆ. ಮೇಲೆ ಬಂದ ನೀರಿಗೆ ಮೂಗು ಒಡ್ಡಿ ಉದ್ದಕ್ಕೆ ಉಸಿರು ಎಳೆಯುತ್ತಾರೆ. ಆಮೇಲೆ ರಸ್ತೆಯಾಚೆಯಿಂದ, ಹಾಲಿನವನಿಗೂ ಕೇಳುವಂತೆ, "ತಮಾ, ಇವತ್ತು ವಾಸನೆ ಇಲ್ಲ!" ಎಂದು ಕೂಗುತ್ತಾರೆ.

ಇದು ಒಂದು ದಿನ ಅಲ್ಲ, ದಿನಾ. ಅವರು ಮಗಳ ಮನೆಗೆ ಕಾರವಾರಕ್ಕೆ ಹೋದ ವಾರವೂ ತಪ್ಪಲಿಲ್ಲ, ಹೆಂಡತಿಯ ಹತ್ತಿರ ಮೂಸಿಸಿ ಫೋನಿನಲ್ಲಿ ವರದಿ ಕಳಿಸಿದರು. ಮನೆಗೆ ನೆಂಟರು ಬಂದಾಗ ನಾನು ಬೇಗ ಎದ್ದು ಗೇಟಿಗೆ ಹೋಗಿ, ಅವರು ಬಾಯಿ ತೆರೆಯುವ ಮೊದಲೇ "ಗೊತ್ತಾಯ್ತು ಮಾಸ್ತರೇ!" ಎಂದು ಕೂಗುವುದನ್ನು ಕಲಿತೆ. ಅವರು ಬಿಡಬೇಕಲ್ಲ. "ಇನ್ನೂ ಮೂಸಲಿಲ್ಲ ಮಾರಾಯಾ, ತಡಿ" ಅಂದರು. ನನ್ನ ಭಾವ ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದ. ಏನನ್ನು ಮೂಸುವುದು ಎಂದು ಅವನು ಕೇಳಲಿಲ್ಲ. ಚಹಾವನ್ನೂ ಕುಡಿಯಲಿಲ್ಲ.

ಇಷ್ಟಕ್ಕೂ ಗುಂಡಿಯ ತಪ್ಪು ಜಾಗದ್ದಷ್ಟೇ ಅಲ್ಲ, ಆಳದ್ದು. ನಮ್ಮ ಮೇಸ್ತ್ರಿಗೆ ಆಳದ ಹುಚ್ಚು. "ಆಳ ಇದ್ದಷ್ಟೂ ಒಳ್ಳೇದು ಸರ್, ಸಾಯೋವರೆಗೂ ತಿರುಗಿ ನೋಡೋದು ಬೇಡ" ಎಂದು ಏಪ್ರಿಲ್ ತಿಂಗಳಲ್ಲಿ ಕೆಂಪು ಕಲ್ಲು ಕಡಿದು 12 ಅಡಿ ಇಳಿಸಿ, ಮೂರಡಿ ಅಗಲದ ಸಿಮೆಂಟ್ ರಿಂಗು ಕೂರಿಸಿದ. ತಳಕ್ಕೆ ಒಂದು ಬಕೆಟ್ ನೀರು ಸುರಿದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೀರು ಮಾಯ. "ನೋಡಿದ್ರಾ?" ಅಂದ. ನೋಡಿದೆ. ನೋಡಿದ್ದೇ ತಪ್ಪು. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಚಿರೇಕಲ್ಲಿಗೆ ಸಮುದ್ರ ಸುರಿದರೂ ಕುಡಿಯುತ್ತದೆ. ನೆಲ ಎಷ್ಟು ಕುಡಿಯುತ್ತದೆ ಎಂದು ತಿಳಿಯಬೇಕಾದರೆ ಚಿಕ್ಕ ಗುಳಿ ತೆಗೆದು, ರಾತ್ರಿಯಿಡೀ ನೀರು ತುಂಬಿ ನೆನೆಯಲು ಬಿಟ್ಟು, ಬೆಳಿಗ್ಗೆ ಮತ್ತೆ ನೀರು ಹಾಕಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂದು ನೋಡಬೇಕು. 30 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅಲ್ಲಿ ಇಂಗುಗುಂಡಿ ಆಗುವುದಿಲ್ಲ. ಕಣ್ಣೆದುರೇ ಮಾಯವಾದರೂ ಖುಷಿಪಡುವ ಹಾಗಿಲ್ಲ. ಕಲ್ಲಿನ ತೂತುಗಳಲ್ಲಿ ಓಡಿಹೋಗುವ ನೀರು ಸೋಸುವುದಿಲ್ಲ, ಹೋದ ದಾರಿಯಲ್ಲಿ ಯಾರ ಬಾವಿ ಸಿಕ್ಕಿದರೂ ಇಳಿಯುತ್ತದೆ.

ಬುಧವಾರ ಸಕ್ಕಿಂಗ್ ಗಾಡಿಯವನನ್ನು ಕರೆಸಿದೆ. ಅವನು ಟ್ಯಾಂಕನ್ನೂ ಗುಂಡಿಯನ್ನೂ ಬರಿದು ಮಾಡಿ, ದುಡ್ಡು ಎಣಿಸಿಕೊಂಡು ಹೋದ. ನಾವು ರಾತ್ರಿ ಹೆಂಡತಿಯ ತಂಗಿಯ ಮನೆಗೆ ಹೋದೆವು. ಮರುದಿನ ಬಂದು ಗುಂಡಿಯ ಮುಚ್ಚಳದ ತೂತಿನಿಂದ ಕಲ್ಲು ಕಟ್ಟಿದ ದಾರ ಇಳಿಸಿದೆ. ಯಾರೂ ಒಂದು ತಂಬಿಗೆ ನೀರು ಬಿಟ್ಟಿರಲಿಲ್ಲ. ಆದರೂ ಗುಂಡಿಯಲ್ಲಿ ನೆಲಮಟ್ಟದಿಂದ ಆರಡಿ ಕೆಳಗೆ ತಣ್ಣಗೆ ನೀರು ನಿಂತಿತ್ತು. ಆ ನೀರು ನಮ್ಮದಲ್ಲ, ಗುಡ್ಡದ್ದು. ಮಳೆಗಾಲಕ್ಕೆ ನೆಲದೊಳಗಿನ ನೀರು ಮೇಲೆ ಬಂದು, ಮೇಸ್ತ್ರಿಯ 12 ಅಡಿಯಲ್ಲಿ ಕೆಳಗಿನ ಆರಡಿ ಒಳ್ಳೇ ಬಾವಿಯಾಗಿತ್ತು. ಎರಡು ಗುಂಟೆಯಲ್ಲಿ ಎರಡು ಬಾವಿ ಇರುವ ಮನೆ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ.

ಲೆಕ್ಕ ಹಾಕಿದರೆ ಕಮೋಡಿನ ಸಿಟ್ಟು ಅರ್ಥವಾಗುತ್ತದೆ. ಮೂರಡಿ ಅಗಲದ ರಿಂಗಿನಲ್ಲಿ ಒಂದಡಿ ಎತ್ತರಕ್ಕೆ ಸುಮಾರು 200 ಲೀಟರ್ ಹಿಡಿಯುತ್ತದೆ. ಟ್ಯಾಂಕಿನ ಪೈಪು ಗುಂಡಿಗೆ ಬಂದು ಬೀಳುವುದು ನೆಲದಿಂದ ಎರಡಡಿ ಕೆಳಗೆ. ಅಂದರೆ ಉಳಿದದ್ದು ನಾಲ್ಕು ಅಡಿ, 800 ಲೀಟರ್. ನಾಲ್ಕು ಜನ ಸ್ನಾನ, ಬಟ್ಟೆ, ಪಾತ್ರೆ, ಸಂಡಾಸು ಎಲ್ಲ ಸೇರಿ ದಿನಕ್ಕೆ 400 ಲೀಟರ್ ಬಿಡುತ್ತೇವೆ. ನೆನೆದ ನೆಲ ಒಂದು ಹನಿಯನ್ನೂ ಕುಡಿಯದಿದ್ದರೆ ಎರಡೇ ದಿನ. ಮೂರನೇ ದಿನ ಬೆಳಿಗ್ಗೆ ಗುಳು ಗುಳು.

ಈ 400ರಲ್ಲಿ ಸಂಡಾಸಿನದ್ದು ಮೂರನೇ ಒಂದು ಭಾಗ ಇದ್ದೀತು. ಉಳಿದದ್ದೆಲ್ಲ ಬಚ್ಚಲಿನದ್ದು, ಅಡುಗೆಮನೆಯದ್ದು. ಅದನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡುವುದೇ ದಡ್ಡತನ. ಟ್ಯಾಂಕಿನಲ್ಲಿ ನೀರು ಒಂದೆರಡು ದಿನ ಅಲ್ಲಾಡದೆ ನಿಂತರೆ ಮಡ್ಡಿ ತಳಕ್ಕೆ ಕೂರುತ್ತದೆ. ಬಚ್ಚಲ ನೀರು ಧೋ ಎಂದು ನುಗ್ಗಿದರೆ ಮಡ್ಡಿ ಎದ್ದು ಗುಂಡಿಗೆ ಹೋಗಿ ಮಣ್ಣಿನ ಬಾಯಿ ಮುಚ್ಚುತ್ತದೆ. ಗುರುವಾರ ಮಧ್ಯಾಹ್ನ ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಚ್ಚಲ ಪೈಪನ್ನು ಕಡಿದೆ. ದಕ್ಷಿಣದ ಗೋಡೆಯ ಪಕ್ಕ ಮಣ್ಣು ಏರಿಸಿ, ತೆಂಗಿನ ಸಿಪ್ಪೆ ತುಂಬಿದ ಪಾತಿಗೆ ತಿರುಗಿಸಿದೆ. ಆ ಏರಿಯಲ್ಲಿ ನಾಲ್ಕು ಬಾಳೆ, ಒಂದಿಷ್ಟು ಕೆಸು. ಗುಂಡಿಗೆ ಈಗ ದಿನಕ್ಕೆ ಎಂಟು ಇಂಚಿನಷ್ಟು ಮಾತ್ರ ಬೀಳುತ್ತದೆ. ಅಷ್ಟನ್ನು ಅದು ಹೇಗೋ ಅರಗಿಸಿಕೊಳ್ಳುತ್ತಿದೆ. ಕಮೋಡು ಸುಮ್ಮನಾಗಿದೆ.

ಬಾಳೆಗೆ ಮಳೆಗಾಲದಲ್ಲಿ ನೀರು ಬೇಡ ಎಂಬುದು ನಿಜ. ಅದಕ್ಕೇ ಏರಿ. ಅಡುಗೆಮನೆಯ ನೀರಿಗೆ ನಡುವೆ ಒಂದು ಚಿಕ್ಕ ತೊಟ್ಟಿ ಬೇಕು, ಎಣ್ಣೆ ಜಿಡ್ಡು ಅಲ್ಲಿ ತೇಲಿ ನಿಲ್ಲಬೇಕು, ಅದನ್ನು ವಾರಕ್ಕೊಮ್ಮೆ ಯಾರಾದರೂ ಗೋರಬೇಕು. ಆ 'ಯಾರಾದರೂ' ನಾನೇ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಜಾಣತನ ಮಾಡಿ ಬಚ್ಚಲ ನೀರನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಆಮೇಲೆ ಬಳಸೋಣ ಎಂದು ಹೊರಟಿದ್ದೆ. ಎರಡನೇ ದಿನ ಡ್ರಮ್ಮಿನ ಮುಚ್ಚಳ ತೆಗೆದವನಿಗೆ ಸೆಪ್ಟಿಕ್ ಟ್ಯಾಂಕೇ ಸುಗಂಧ ಅನಿಸಿತು.

ಶಿರಸಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಇದ್ಯಾವುದಕ್ಕೂ ಹೆಸರೇ ಇರಲಿಲ್ಲ. ಬಚ್ಚಲ ಗೋಡೆಯ ತೂತಿನಿಂದ ನೀರು ಕಲ್ಲಿನ ಕಾಲುವೆಗೆ ಬಿದ್ದು ಬಸಳೆ ಚಪ್ಪರದ ಬುಡಕ್ಕೆ, ಅಲ್ಲಿಂದ ಬಾಳೆಗೆ ಹೋಗುತ್ತಿತ್ತು. ಅಜ್ಜಿ ಅಂಟುವಾಳದಲ್ಲಿ ಬಟ್ಟೆ ಒಗೆಯುತ್ತಿದ್ದಳು, ಸೀಗೆಯಲ್ಲಿ ನಮ್ಮ ತಲೆ ತಿಕ್ಕುತ್ತಿದ್ದಳು. ಕಣ್ಣು ಉರಿದು ನಾನು ಅತ್ತರೆ "ಅಳಡ ತಮಾ, ನಿನ್ನ ಮಿಂದ ನೀರು ಕುಡ್ದು ಬಸಳೆ ದಪ್ಪ ಆಗ್ತು" ಎನ್ನುತ್ತಿದ್ದಳು. ಮರುವಾರ ಆ ಬಸಳೆಯ ಹುಳಿ ನನ್ನ ತಟ್ಟೆಗೆ ಬರುತ್ತಿತ್ತು. ನನ್ನ ಏರಿಯ ಕೆಸುವಿನ ಎಲೆ ಮೊನ್ನೆ ಒಳ್ಳೇ ಅಗಲವಾಗಿ ಬಿಚ್ಚಿದೆ. ಪತ್ರೊಡೆ ಮಾಡೋಣವಾ ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ದೀಪಾವಳಿ ಕಳೆದ ಮೇಲೆ ಆಳದ ಗುಂಡಿಯನ್ನು ಮುಚ್ಚಿಸುತ್ತೇನೆ. ಅದರ ಬದಲು ಮೂರಡಿ ಆಳ, ಎರಡಡಿ ಅಗಲದ ಉದ್ದ ಕಂದಕ, ಒಳಗೆ ಜಲ್ಲಿ, ತೂತಿನ ಪೈಪು. ಮಳೆಗಾಲದ ನೀರಿನ ಮಟ್ಟಕ್ಕೂ ಅದರ ತಳಕ್ಕೂ ನಡುವೆ ಮೂರಡಿ ಒಣ ಮಣ್ಣಾದರೂ ಉಳಿಯುತ್ತದೆ. ನಿಜವಾಗಿ ಆರೇಳು ಅಡಿ ಬೇಕು. ರೋಗಾಣು ಹೆಚ್ಚಾಗಿ ಸಾಯುವುದು ಆ ಒಣ ಮಣ್ಣಿನಲ್ಲಿ, ನೀರಿನೊಳಗೆ ಅಲ್ಲ. "ಮೂರೇ ಅಡಿಯಾ?" ಎಂದು ಮೇಸ್ತ್ರಿ ನಕ್ಕ. ಅವನಿಗೆ ಅದು ಗುಂಡಿಯಲ್ಲ, ಅವಮಾನ.

ಇನ್ನು ಮಾಸ್ತರ ಮೂಗು. ರೋಗಾಣುವಿಗೆ ವಾಸನೆ ಇರುವುದಿಲ್ಲ ಎಂದು ಅವರಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಪಂಚಾಯ್ತಿಯಿಂದ ನೀರು ಪರೀಕ್ಷೆಯ ಎರಡು ಪುಟ್ಟ ಬಾಟಲಿ ತಂದೆ. ಬಾವಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಹೊಲಸು ಸೇರಿದ್ದಲ್ಲಿ ನೀರು ಕಪ್ಪಾಗುತ್ತದೆ. ಒಂದರಲ್ಲಿ ಅವರ ಬಾವಿಯದ್ದು, ಇನ್ನೊಂದರಲ್ಲಿ ನಮ್ಮದು. ಒಲೆಯ ಪಕ್ಕ ಇಡುವ ವಿಷಯಕ್ಕೆ ಮನೆಯಲ್ಲಿ ಆದ ಜಗಳ ಬೇರೆ ಕಥೆ. ಶನಿವಾರ ನೋಡಿದರೆ ಎರಡೂ ಕಪ್ಪು.

ಅವರದ್ದು ಕಪ್ಪಾಗಿದ್ದಕ್ಕೆ ನನಗೆ ನಾಚಿಕೆಯಾಯಿತು. ನಮ್ಮದು ಯಾಕೆ? ನಮ್ಮ ಗುಂಡಿ 60 ಅಡಿ ದೂರ, ಅದೂ ಇಳಿಜಾರಿನ ಕೆಳಗೆ. ಮಾಸ್ತರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಏನೂ ಹೇಳದೆ ನಮ್ಮ ಹಿತ್ತಿಲ ಕಡೆಗೆ, ಮೇಲಿನ ಮನೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಆ ಮನೆಯ ಬಾವಿ ಈಶಾನ್ಯದಲ್ಲಿ. ಹಾಗಾದರೆ ಗುಂಡಿ?

ಕಾಂಪೌಂಡ್ ಮೇಲಿಂದ ಟೇಪು ಬಿಟ್ಟು ಅಳೆದೆ. 22 ಅಡಿ.

ಈಗ ನೀರು ಕುದಿಸಿ ಕುಡಿಯುತ್ತಿದ್ದೇವೆ. ಬೆಳಿಗ್ಗೆ ಆರೂವರೆಗೆ ನಾನೂ ಬಾವಿಕಟ್ಟೆಗೆ ಹೋಗುತ್ತೇನೆ. ಪ್ರಯೋಜನ ಇಲ್ಲ ಎಂದು ಗೊತ್ತಿದ್ದೂ ಕೊಡಪಾನಕ್ಕೆ ಮೂಗು ಒಡ್ಡುತ್ತೇನೆ. ಇವತ್ತು ಮೇಲಿನ ಮನೆಯವರು ಹಲ್ಲುಜ್ಜುತ್ತಾ ಹೊರಗೆ ಬಂದಿದ್ದರು.

"ಸರ್, ಇವತ್ತು ವಾಸನೆ ಇಲ್ಲ!" ಎಂದು ಕೂಗಿದೆ.