ಸಿಂಧನೂರಿನ ಗದ್ದೆ, ಬೆಂಗಳೂರಿನ ಅನ್ನ

ಎಲ್ಲರಿಗೂ ನಮಸ್ಕಾರ. ಬೆಳೆಯುತ್ತಿರುವ ನಗರಗಳಿಗೆ ನೈಸರ್ಗಿಕ ಕೃಷಿ ಅನ್ನ ಹಾಕಬಲ್ಲದೇ ಎಂಬ ಚರ್ಚೆಗೆ ರಾಯಚೂರಿಗಿಂತ ಒಳ್ಳೆಯ ಜಾಗ ಸಿಗದು. ಬೆಂಗಳೂರಿನ ಎಷ್ಟೋ ಮನೆಗಳು ಉಣ್ಣುವ ಸೋನಾ ಮಸೂರಿ ಬರುವುದು ಸಿಂಧನೂರು, ಗಂಗಾವತಿ ಕಡೆಯಿಂದಲೇ.

ನಾನೀಗ ಇರುವುದು ಆಂಧ್ರದ ಅನಂತಪುರದಲ್ಲಿ. ಅಲ್ಲಿ ನೈಸರ್ಗಿಕ ಕೃಷಿ ಮಾಡುವ ರೈತರು ಮುಂಗಾರಿಗೆ ಮೊದಲೇ ಒಣ ಭೂಮಿಗೆ ಹಲವು ಬಗೆಯ ಬೀಜ ಬಿತ್ತುತ್ತಾರೆ. ಅಲಸಂದೆ, ಹೆಸರು, ಸಜ್ಜೆ, ತರಕಾರಿ ಎಲ್ಲ ಸೇರಿರುತ್ತದೆ. ಬೀಜಕ್ಕೆ ಮಣ್ಣು, ಸಗಣಿ, ಬೂದಿಯ ಹೊದಿಕೆ ಕೊಡುತ್ತಾರೆ. ಸಣ್ಣ ಮಳೆ ಬಂದರೂ ಮೊಳೆತು ನೆಲ ಮುಚ್ಚುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಮೊದಲೇ ಇಳುವರಿ ಕಡಿಮೆ, ಹಾಗಾಗಿ ಅಲ್ಲಿ ಕಳೆದುಕೊಳ್ಳುವುದು ಜಾಸ್ತಿ ಇಲ್ಲ.

ತುಂಗಭದ್ರಾ ನಾಲೆಯ ಭತ್ತದ ಕಥೆ ಬೇರೆ. ಎಕರೆಗೆ 25 ಕ್ವಿಂಟಾಲ್ ಬೆಳೆದರೆ ಕಾಳು, ಹುಲ್ಲು ಸೇರಿ ಮಣ್ಣಿನಿಂದ ಸುಮಾರು 40 ಕೆಜಿ ಸಾರಜನಕ ಹೋಗುತ್ತದೆ. ಅಂದರೆ 45 ಕೆಜಿಯ ಎರಡು ಚೀಲ ಯೂರಿಯಾದಲ್ಲಿ ಇರುವಷ್ಟು. ಈಗ ನೈಸರ್ಗಿಕ ಕೃಷಿಯಲ್ಲಿ ಯೂರಿಯಾ ಬಿಟ್ಟು ಬಳಸುವ ಜೀವಾಮೃತ ನೋಡೋಣ. ಎಕರೆಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಇಷ್ಟರಲ್ಲಿ ಸಾರಜನಕ ಕಾಲು ಕೆಜಿ ಆಸುಪಾಸು. ಎಂಟು ಸಲ ಕೊಟ್ಟರೂ 2 ಕೆಜಿ ದಾಟುವುದು ಕಷ್ಟ. ಜೀವಾಮೃತ ಗೊಬ್ಬರವಲ್ಲ, ಜೀವಾಣುಗಳಿಗೆ ಹೆಪ್ಪು ಎನ್ನುವವರ ಮಾತು ಒಪ್ಪುತ್ತೇನೆ. ಆದರೆ ಹೆಪ್ಪು ಹಾಕಲು ಹಾಲು ಬೇಕಲ್ವಾ?

ಆ ಹಾಲು ಹಸಿರೆಲೆ ಗೊಬ್ಬರ. ಡಯಂಚ ಅಥವಾ ಸೆಣಬು ಚೆನ್ನಾಗಿ ಬೆಳೆದರೆ 45-50 ದಿನದಲ್ಲಿ ಎಕರೆಗೆ 25-30 ಕೆಜಿ ಸಾರಜನಕ ಕೊಡಬಲ್ಲದು. ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ತಡವಾದರೆ ಕಾಂಡ ಗಟ್ಟಿಯಾಗಿ ಬೇಗ ಕೊಳೆಯುವುದಿಲ್ಲ. ಇಲ್ಲಿನ ತೊಡಕು ಸಮಯದ್ದು. ನಾಲೆಗೆ ನೀರು ಬಂದ ಕೂಡಲೇ ಎಲ್ಲರಿಗೂ ನಾಟಿಯ ಅವಸರ. ನೀರಿಗೆ ಮೊದಲು ಡಯಂಚ ಬೆಳೆಯಬೇಕಾದರೆ ಜೂನ್ ಮಳೆಯನ್ನೇ ನಂಬಬೇಕು. ಮಳೆ ತಪ್ಪಿದ ವರ್ಷ ಜೀವಾಮೃತವೊಂದನ್ನೇ ನಂಬಿದ ಗದ್ದೆ ಬೇಗ ಸುಳಿವು ಕೊಡುತ್ತದೆ. ನಾಟಿಯಾಗಿ ತಿಂಗಳಾಗುವ ಹೊತ್ತಿಗೆ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತವೆ, ತೆಂಡೆ ಕಡಿಮೆ ಒಡೆಯುತ್ತವೆ.

ಹಾಗಾಗಿ ನನ್ನ ನಿಲುವು ಇದು: ಮಸ್ಕಿ, ಲಿಂಗಸುಗೂರಿನ ಒಣ ಹೊಲಗಳಲ್ಲಿ ಅನಂತಪುರದ ದಾರಿಯನ್ನು ಈಗಲೇ ಹಿಡಿಯಬಹುದು. ನಗರಕ್ಕೆ ತೊಗರಿ, ಜೋಳ, ಸಜ್ಜೆ ಅಲ್ಲಿಂದ ಹೋಗಲಿ. ನಾಲೆಯ ಗದ್ದೆಯಲ್ಲಿ ಮೊದಲು ಹಸಿರೆಲೆ ಗೊಬ್ಬರ ಬರಲಿ. ಎಲೆಯ ಬಣ್ಣ ನೋಡುತ್ತಾ ಯೂರಿಯಾ ಇಳಿಸುತ್ತಾ ಹೋಗಲಿ, ಒಮ್ಮೆಲೇ ನಿಲ್ಲಿಸುವುದು ಬೇಡ. ಪರವಾಗಿ ಮಾತಾಡುವವರು ಆ 40 ಕೆಜಿ ಎಲ್ಲಿಂದ ಬರುತ್ತದೆ ಎಂದು ಹೇಳಿ. ವಿರೋಧಿಸುವವರು, ಡಯಂಚಕ್ಕೆಂದು ನಾಲೆಯ ನೀರನ್ನು ಒಂದು ಸುತ್ತು ಮೊದಲೇ ಬಿಟ್ಟರೆ ನಿಮ್ಮ ಲೆಕ್ಕ ಏನಾಗುತ್ತದೆ ಎಂದು ಹೇಳಿ.