ಕಾಕಾ ಮತ್ತು ಪುಗ್ಗೆ

ಎರಡನೇ ಕ್ಲಾಸಿನ ಮಕ್ಕಳ ಪ್ರಯೋಗಕ್ಕೆ ಸಾಮಾನು ತರಬೇಕೆಂಬ ಮೆಸೇಜು ರಾತ್ರಿ ಒಂಬತ್ತಕ್ಕೇ ಯಾಕೆ ಬರುತ್ತದೆ? ಧಾರವಾಡದಲ್ಲಿ ಆ ಹೊತ್ತಿಗೆ ನಮ್ಮ ಓಣಿಯ ಅಂಗಡಿಗಳೆಲ್ಲ ಶಟರ್ ಎಳೆದಿರುತ್ತವೆ. ಬೇಕಾದದ್ದು ಒಂದು ಲೀಟರ್ ನೀರಿನ ಬಾಟ್ಲಿ, ಒಂದು ಪುಗ್ಗೆ, ಜೊತೆಗೆ ‘ಒಂದು ವಾಕ್ಯದಲ್ಲಿ ಸರಳ ವಿವರಣೆ’.

ಪುಣ್ಯಕ್ಕೆ ಮಗಳ ಬರ್ತ್‌ಡೇದ ಪುಗ್ಗೆ ಎರಡು ಉಳಿದಿದ್ದವು. ಒಂದನ್ನು ಬಾಟ್ಲಿಯೊಳಗೆ ಇಳಿಬಿಟ್ಟು, ಅದರ ಬಾಯಿಯನ್ನು ಬಾಟ್ಲಿ ಬಾಯಿಯ ಮೇಲೆ ಹಿಗ್ಗಿಸಿ ಮಡಚಿದೆ. ಈಗ ಊದಬೇಕು. ಅಷ್ಟರಲ್ಲಿ ನಮ್ಮ ಕಾಕಾ ಎದ್ದು ಬಂದರು.

ಮನೆಯಲ್ಲಿ ಯಾರ ಕೈಯಲ್ಲಿ ಏನೇ ಕೆಲಸವಿರಲಿ, ಕಸಿದುಕೊಳ್ಳುವುದು ಅವರ ಚಟ. “ಗರಡಿ ಮನ್ಯಾಗ ಬೆಳದಾಂವ ನಾ. ಕೊಡ ಇಲ್ಲಿ.”

ಊದಿದರು. ಪುಗ್ಗೆ ಲಿಂಬೆಹಣ್ಣಿನಷ್ಟಾಗಿ ನಿಂತುಬಿಟ್ಟಿತು. ಧೋತರ ಬಿಗಿ ಮಾಡಿಕೊಂಡು ಮತ್ತೆ ಊದಿದರು. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಪುಗ್ಗೆ ಮಾತ್ರ ಲಿಂಬೆಹಣ್ಣೇ. “ಬಿಡ್ರಿ ಕಾಕಾರ, ಬಿ.ಪಿ. ಏರತೈತಿ” ಅಂದಳು ನನ್ನಾಕೆ. ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಊದಿದರು. ಕೊನೆಗೆ ತೀರ್ಪು ಬಂತು: “ಪುಗ್ಗಾ ಡುಪ್ಲಿಕೇಟ್ ಐತೋ!”

ಪುಗ್ಗೆಯದೇನೂ ತಪ್ಪಿಲ್ಲ. ಖಾಲಿ ಅಂತ ನಾವು ಅಂದುಕೊಂಡ ಬಾಟ್ಲಿ ತುಂಬ ಗಾಳಿ ಇದೆ. ಜೋರು ಊದಿದರೆ ಅದು ಚೂರು ಒತ್ತಿಕೊಂಡು ಲಿಂಬೆಹಣ್ಣಿನಷ್ಟು ಜಾಗ ಬಿಡುತ್ತದೆ, ಅಷ್ಟೇ. ಇನ್ನೂ ಹೆಚ್ಚು ಉಬ್ಬಿದರೆ ಬಾಟ್ಲಿಯ ಬಾಯಲ್ಲೋ ಬಿರುಕಲ್ಲೋ ಗಾಳಿ ಸೋರುತ್ತಿದೆ ಅಂತ ತಿಳಿಯಬೇಕು.

ದಬ್ಬಣ ಕಾಸಿ ಬಾಟ್ಲಿಯ ತಳದ ಹತ್ತಿರ ಒಂದು ತೂತು ಮಾಡಿದೆ. ನಡುವೆ ಮಾಡಿದರೆ ಉಬ್ಬುವ ಪುಗ್ಗೆಯೇ ತೂತಿಗೆ ಅಂಟಿ ಮುಚ್ಚಿಬಿಡುತ್ತದೆ. ಈ ಸಲ ಕಾಕಾ ಊದಿದರೆ ಪುಗ್ಗೆ ಆರಾಮಾಗಿ ಉಬ್ಬಿತು. ತೂತಿನ ಮುಂದೆ ಕೈ ಹಿಡಿದ ಮಗಳಿಗೆ ತಣ್ಣಗೆ ಗಾಳಿ ತಾಗಿತು.

“ಅಜ್ಜಾ, ಇದು ಸಂಜಿ ಹುಬ್ಬಳ್ಳಿ ಬಸ್ ಇದ್ದಂಗ. ಹಿಂದಿನವ್ರು ಇಳಿದ್ರ ಮುಂದಿನವ್ರಿಗೆ ಜಾಗ!” ಅಂದಳು. ಆಮೇಲೆ ವಹಿಯಲ್ಲಿ ಬರೆದಳು: ‘ಬಾಟ್ಲಿಯೊಳಗಿನ ಗಾಳಿಗೂ ಜಾಗ ಬೇಕು, ಅದು ಹೊರಗೆ ಹೋದರೆ ಮಾತ್ರ ಪುಗ್ಗೆ ಉಬ್ಬುತ್ತದೆ.’ ನಾನು ಮನಸ್ಸಲ್ಲೇ ಕಟ್ಟಿಕೊಂಡಿದ್ದ ಉದ್ದನೆಯ ವಾಕ್ಯವನ್ನು ಸುಮ್ನೆ ನುಂಗಿಕೊಂಡೆ.

ಪುಗ್ಗೆ ಉಬ್ಬಿರುವಾಗಲೇ ಹೆಬ್ಬೆರಳಿನಿಂದ ತೂತು ಮುಚ್ಚಿ ಅಂದೆ. ಕಾಕಾ ತೂತು ಮುಚ್ಚಿ, ಪುಗ್ಗೆಯಿಂದ ಬಾಯಿ ತೆಗೆದರು. ಪುಗ್ಗೆಯ ಬಾಯಿ ತೆರೆದೇ ಇದೆ, ಆದರೂ ಇಳಿಯುತ್ತಿಲ್ಲ! ತೂತಿನಿಂದ ಗಾಳಿ ವಾಪಸ್ ಒಳಗೆ ಬಂದರೆ ತಾನೇ ಅದು ಕುಗ್ಗುವುದು? ಕಾಕಾ ಬೆರಳು ತೆಗೆಯಲೇ ಇಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ ತೋರಿಸಿ ಬಂದರು. “ನಮ್ಮ ಸಾಲ್ಯಾಗ ಇಂಥಾದ್ದ ಒಂದೂ ತೋರಿಸಲಿಲ್ಲ ನೋಡು” ಅಂದಾಗ ಮಾತ್ರ ಅವರ ದನಿ ಸಣ್ಣದಾಗಿತ್ತು.

ಬೆಳಿಗ್ಗೆ ಬಾಟ್ಲಿ ಶಾಲೆಗೆ ಹೋಯಿತು, ಉಳಿದಿದ್ದ ಇನ್ನೊಂದು ಪುಗ್ಗೆಯ ಜೊತೆ. ಕಾಕಾನ ಎಲೆ-ಅಡಿಕೆ ಬಾಯಿ ಮುಟ್ಟಿದ್ದನ್ನು ಮಗಳು ಸುತಾರಾಂ ಒಪ್ಪಲಿಲ್ಲ.