ಆಡಿಟರ್‌ಗೊಂದು ಪತ್ರ: ಲೆಡ್ಜರ್ ಸಿಎಸ್‌ವಿಯಲ್ಲಿ ಕೊಡಿ

ಲೆಡ್ಜರ್ ಕೇಳಿದರೆ ಬಹಳಷ್ಟು ಆಡಿಟರ್ ಆಫೀಸುಗಳಿಂದ ವಾಟ್ಸಾಪಿಗೆ ಬರುವುದು ಪಿಡಿಎಫ್. ಓದೋಕೆ ಚೆನ್ನ, ಬ್ಯಾಂಕಿಗೆ ಕೊಡೋಕೂ ಆಗುತ್ತೆ. ಆದರೆ ಸಪ್ಲೈಯರ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋಕೆ ಅದು ಸುತರಾಂ ಸಾಲದು. "ಎಕ್ಸೆಲ್‌ಗೆ ಬರೋ ಹಾಗೆ ಕಳ್ಸಿ ಸಾರ್" ಅಂತ ಕೇಳಿದರೂ ಕೆಲಸ ಆಗಲ್ಲ. ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಅಕ್ಷರದ ಫೈಲ್, ಅಂದರೆ ಸಿಎಸ್‌ವಿ ಬೇಕು ಅಂತ ಹೀಗೆ ಬರೆದು ಕೇಳಿ:

"ಸರ್, ನಮಸ್ಕಾರ. ಪೈಪ್ ಸಪ್ಲೈಯರ್ ಲೆಡ್ಜರ್, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನದು, ಸಿಎಸ್‌ವಿ ಫೈಲಾಗಿ ಬೇಕಿತ್ತು. ಟ್ಯಾಲಿಯಲ್ಲಿ ಲೆಡ್ಜರ್ ತೆರೆದು `Alt+E` ಒತ್ತಿ, ಫೈಲ್ ಫಾರ್ಮ್ಯಾಟ್‌ನಲ್ಲಿ ಪಿಡಿಎಫ್ ಬದಲು `Comma Delimited` ಆರಿಸಿದರೆ ಸಾಕು. ಪ್ರತಿ ಸಾಲಿನಲ್ಲೂ ತಾರೀಖು, ವೋಚರ್ ನಂಬರ್, ಸಪ್ಲೈಯರ್ ಬಿಲ್ ನಂಬರ್ ಇರಲಿ. ಡೆಬಿಟ್, ಕ್ರೆಡಿಟ್ ಬೇರೆ ಬೇರೆ ಕಾಲಂನಲ್ಲಿರಲಿ. ನರೇಶನ್ ಆಫ್ ಮಾಡಿ ಕೊಡಿ. ಓಪನಿಂಗ್, ಕ್ಲೋಸಿಂಗ್ ಬ್ಯಾಲೆನ್ಸ್ ಎಷ್ಟೆಂದು ಮೆಸೇಜಿನಲ್ಲಿ ಬರೆದುಬಿಡಿ. ಪಿಡಿಎಫ್ ಕೂಡ ಜೊತೆಗಿರಲಿ."

ನರೇಶನ್ ಯಾಕೆ ಬೇಡ? ಅದು ಎಂಟ್ರಿಯ ಕೆಳಗೆ ಇನ್ನೊಂದು ಸಾಲಾಗಿ, ತಾರೀಖಿಲ್ಲದೆ ಬರುತ್ತೆ. ತಾರೀಖಿನ ಮೇಲೆ ಸಾರ್ಟ್ ಮಾಡಿದಿರೋ, ಯಾವ ಎಂಟ್ರಿಯ ವಿವರ ಯಾವುದು ಅಂತ ಗೊತ್ತಾಗದ ಹಾಗೆ ಎಲ್ಲಾ ಚೆಲ್ಲಾಪಿಲ್ಲಿ.

ಪಿಡಿಎಫ್‌ನಿಂದ ಕಾಪಿ ಮಾಡೋರಿಗೆ ಇನ್ನೂ ದೊಡ್ಡ ತಲೆನೋವಿದೆ. ಮೊದಲ ಪುಟದ ಬಿಲ್‌ಗಳು 86,000, ಎರಡನೇ ಪುಟದವು 32,000 ಅಂದುಕೊಳ್ಳಿ. ಪುಟದ ಕೊನೆಗೆ `Carried Over` 86,000, ಮುಂದಿನ ಪುಟದ ತಲೆಗೆ `Brought Forward` 86,000. ಕಾಲಂ ಕೂಡಿದರೆ 2,90,000. ನಿಜವಾದ ಖರೀದಿ 1,18,000 ಮಾತ್ರ! ಸಪ್ಲೈಯರ್ ಮೇಲೆ ಸುಮ್ಮನೆ ಅನುಮಾನ.

ಸಿಎಸ್‌ವಿ ಬಂದ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೀಬೇಡಿ. ಎಕ್ಸೆಲ್ ತಾನೇ ಜಾಣತನ ತೋರಿಸಿ ಬಿಲ್ ನಂಬರ್ 0047 ಅನ್ನು 47 ಮಾಡುತ್ತೆ, 3/12 ಅನ್ನು ತಾರೀಖು ಮಾಡುತ್ತೆ. 12 ಅಂಕಿಯ ಇ-ವೇ ಬಿಲ್ ನಂಬರ್ `1.23E+11` ಆಗಿ ಕಾಣುತ್ತೆ. ಅದೇ ಸ್ಥಿತಿಯಲ್ಲಿ ಸಿಎಸ್‌ವಿಯಾಗಿಯೇ ಸೇವ್ ಮಾಡಿದರೆ ಮೊದಲಿನ ನಂಬರ್ ವಾಪಸ್ ಸಿಗಲ್ಲ. ಖಾಲಿ ಶೀಟಿನಲ್ಲಿ `Data` > `From Text/CSV` ಒತ್ತಿ, ಫೈಲ್ ಆರಿಸಿ, `Do not detect data types` ಕೊಡಿ. ಆಗ ಎಲ್ಲವೂ ಅಕ್ಷರವಾಗಿಯೇ ಬರುತ್ತೆ. ಆಮೇಲೆ ಮೊತ್ತದ ಕಾಲಂ ಮಾತ್ರ ಅಂಕಿಗೆ ಬದಲಿಸಿಕೊಳ್ಳಿ. ಕನ್ನಡದ ಹೆಸರುಗಳು ಗೀಚಿದ ಹಾಗೆ ಕಂಡರೆ ಅದೇ ಪರದೆಯ `File Origin`ನಲ್ಲಿ `UTF-8` ಆರಿಸಿ ನೋಡಿ.

ತಾಳೆಗೆ ಮುಂಚೆ ಒಂದು ಲೆಕ್ಕ ಹಾಕಿ. ಓಪನಿಂಗ್ 40,000 ಕ್ರೆಡಿಟ್, ಅಂದರೆ ನಾವು ಕೊಡಬೇಕಾದ ಬಾಕಿ. ಅದಕ್ಕೆ ಖರೀದಿ 1,18,000 ಸೇರಿಸಿ, ಕಟ್ಟಿದ 1,00,000 ಕಳೆದರೆ 58,000. ಆಡಿಟರ್ ಮೆಸೇಜಿನಲ್ಲಿರುವ ಕ್ಲೋಸಿಂಗೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಯಾವುದೋ ಸಾಲು ಬಿಟ್ಟುಹೋಗಿದೆ, ಇಲ್ಲವೇ ಕಡೆಯ ಟೋಟಲ್ ಸಾಲೂ ಕೂಡಿಕೊಂಡಿದೆ. ಸಪ್ಲೈಯರ್‌ಗೆ ಫೋನ್ ಮಾಡೋದು ಅದು ಸರಿಹೋದ ಮೇಲೆ.